ಟಿಬಿ, ತಟ್ಟೆ-ಲೋಟ ಮತ್ತು ಆಫೀಸು

> ಶ್ವಾಸಕೋಶದ ಟಿಬಿ, ಮಾತ್ರೆ ಶುರುವಾಗಿ 3 ವಾರ. ಮನೆಯಲ್ಲಿ ತಟ್ಟೆ ಬೇರೆ ಇಟ್ಟಿದ್ದಾರೆ. ಆಫೀಸಲ್ಲಿ ಏನು ಹೇಳಲಿ?

ಎಂಜಲಿನಿಂದ ಅಂಟುತ್ತೆ ಅನ್ನೋ ಭಯಕ್ಕೇ ತಟ್ಟೆ ಬೇರೆಯಾಗಿರೋದು. ಟಿಬಿ ಹರಡೋದು ಕೆಮ್ಮಿದಾಗ ಗಾಳಿಯ ಮೂಲಕ, ಪಾತ್ರೆಯಿಂದಲ್ಲ. ನೀವೇ ಹೇಳಿದರೆ ಜಗಳವಾಗುತ್ತೆ. ಮನೆಯವರೆಲ್ಲ ಹೇಗೂ ತಪಾಸಣೆ ಮಾಡಿಸಬೇಕು, ಅಲ್ಲೇ ಡಾಕ್ಟರ ಬಾಯಲ್ಲಿ ಹೇಳಿಸಿ.

ಔಷಧಕ್ಕೆ ಬಗ್ಗುವ ಟಿಬಿಯಾದರೆ ಎರಡು ವಾರ ಸರಿಯಾಗಿ ಮಾತ್ರೆ ತಗೊಂಡ ಮೇಲೆ ಸಾಮಾನ್ಯವಾಗಿ ಅಂಟೋದಿಲ್ಲ. ನಿಮ್ಮದು ಹಾಗೇನಾ ಅಂತ ಕಫದ ವರದಿ ನೋಡದೆ ಹೇಳೋಕಾಗಲ್ಲ, ಡಾಕ್ಟರನ್ನೇ ಕೇಳಿ. ಅವರು ಒಪ್ಪಿದರೆ ಕಾಯಿಲೆ ಹೆಸರಿಲ್ಲದೆ ‘ಕೆಲಸಕ್ಕೆ ಯೋಗ್ಯ’ ಅಂತಷ್ಟೇ ಬರೆಸಿಕೊಳ್ಳಿ. ಟೈಫಾಯ್ಡ್ ಅಂತ ಸುಳ್ಳು ಹೇಳಬೇಡಿ, ಮುಂದಿನ ರಜೆಗೆ ಸಿಕ್ಕಿಬೀಳ್ತೀರಿ. ‘ಚಿಕಿತ್ಸೆ ನಡೀತಿದೆ’ ಅಂದರೆ ಸಾಕು. ಮಾತ್ರೆ ಮನೆಯಲ್ಲೇ ನುಂಗಿ ಹೊರಡಿ. ಟಿಬಿ ಮಾತ್ರೆಯಲ್ಲಿರೋ ರಿಫಾಂಪಿಸಿನ್‌ನಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತೆ, ಆಫೀಸಿನಲ್ಲಿ ಚೆನ್ನಾಗಿ ನೀರು ಹಾಕಿ ಬನ್ನಿ.