ಬಿಎಲ್‌ಡಿಸಿ ಫ್ಯಾನ್: ನಾಲ್ಕೂ ಬದಲಾಯಿಸಬೇಡಿ, ಮೊದಲು ಬಿಲ್ ನೋಡಿ

ಪ್ರಶ್ನೆ: ಮಾಮೂಲಿ ಸೀಲಿಂಗ್ ಫ್ಯಾನ್ 1500 ರೂಪಾಯಿ, ಬಿಎಲ್‌ಡಿಸಿ 3000. ಕರೆಂಟ್ ಉಳಿದು ಒಂದೇ ವರ್ಷದಲ್ಲಿ ದುಡ್ಡು ವಾಪಸ್ ಬರುತ್ತೆ ಅಂತಾರೆ ಅಂಗಡಿಯವರು. ಮನೆಯ ನಾಲ್ಕೂ ಫ್ಯಾನ್ ಹಾಕಿಸಿಬಿಡಲಾ?

ನಾನು ಹಾಕಿಸಿದೆ. ನಮ್ಮದು ರಾಯಚೂರು, ಬೇಸಿಗೆಯ ಬಗ್ಗೆ ಬೇರೆ ಹೇಳಬೇಕಾಗಿಲ್ಲ. ಹಳೇ ಫ್ಯಾನ್‌ಗಳು ಸದ್ದು ಮಾಡುತ್ತಿದ್ದವು, ಹೇಗೂ ಬದಲಾಯಿಸಲೇಬೇಕಿತ್ತು. ಒಂದಕ್ಕೆ 1500 ಹೆಚ್ಚಿನಂತೆ ನಾಲ್ಕಕ್ಕೆ 6000 ಹೆಚ್ಚು ಕೊಟ್ಟೆ. ಅಂಗಡಿಯವರ ಲೆಕ್ಕದಲ್ಲಿ ವ್ಯಾಟ್ ಸುಳ್ಳಿರಲಿಲ್ಲ. ಮಾಮೂಲಿ ಫ್ಯಾನ್ ಫುಲ್ ಸ್ಪೀಡಿನಲ್ಲಿ 75 ವ್ಯಾಟ್ ಎಳೆದರೆ ಇದು 30ರ ಆಸುಪಾಸು ಎಳೆಯುತ್ತೆ. ಉಳಿತಾಯ 45 ವ್ಯಾಟ್. ನಮ್ಮ ಹಾಲ್ ಫ್ಯಾನ್ ಬೇಸಿಗೆಯಲ್ಲಿ ದಿನಕ್ಕೆ 16 ಗಂಟೆ ಓಡುತ್ತೆ, ಅಂದರೆ ತಿಂಗಳಿಗೆ ಹೆಚ್ಚುಕಮ್ಮಿ 21 ಯೂನಿಟ್ ಉಳಿಯಿತು. ಮಲಗುವ ಕೋಣೆಯದು ರಾತ್ರಿ 8 ಗಂಟೆ, 11 ಯೂನಿಟ್. ಅಡುಗೆಮನೆಯದು ಎರಡು ಗಂಟೆ ಓಡಿದರೆ ಮೂರು ಯೂನಿಟ್ಟೂ ಇಲ್ಲ. ನೆಂಟರ ಕೋಣೆಯದು ಲೆಕ್ಕಕ್ಕೇ ಇಲ್ಲ.

ನಾನು ತಪ್ಪಿದ್ದು ಯೂನಿಟ್ಟಿನಲ್ಲಲ್ಲ, ರೂಪಾಯಿಯಲ್ಲಿ. ಉಳಿಸಿದ ಪ್ರತಿ ಯೂನಿಟ್ಟಿಗೂ ತೆರಿಗೆ, ಸರ್ಚಾರ್ಜ್ ಎಲ್ಲ ಸೇರಿ ಆರೂವರೆ ರೂಪಾಯಿ ಹಿಡಿದು, ಅದನ್ನು 12 ತಿಂಗಳಿಂದ ಗುಣಿಸಿಬಿಟ್ಟೆ. ಆದರೆ ನಮ್ಮ ಮನೆಗೆ ಗೃಹಜ್ಯೋತಿ ಇದೆ. 2022-23ರ ಸರಾಸರಿ ಬಳಕೆ 120 ಯೂನಿಟ್ ಇತ್ತು, ಅದರ ಮೇಲೆ ಶೇಕಡಾ 10 ಸೇರಿಸಿ ತಿಂಗಳಿಗೆ 132 ಯೂನಿಟ್ ಉಚಿತ. ಮಳೆಗಾಲ, ಚಳಿಗಾಲದಲ್ಲಿ ನಾವು 132 ದಾಟುವುದೇ ಇಲ್ಲ, ಹಳೇ ಫ್ಯಾನ್ ಇದ್ದಾಗಲೂ ಬಿಲ್ ಸೊನ್ನೆಯೇ ಬರುತ್ತಿತ್ತು. ಸೊನ್ನೆಯಲ್ಲಿ ಏನು ಉಳಿಸೋದು? ಆ ಎಂಟು ತಿಂಗಳು ಹೊಸ ಫ್ಯಾನ್ ಉಳಿಸಿದ ಕರೆಂಟು ನನ್ನ ಜೇಬಿಗೆ ಒಂದು ರೂಪಾಯಿಯನ್ನೂ ತರಲಿಲ್ಲ. ಮಾರ್ಚ್‌ನಿಂದ ಜೂನ್‌ವರೆಗೆ ಮಾತ್ರ ಬಳಕೆ 165ರ ತನಕ ಹೋಗಿ, ಮೇಲಿನ 33 ಯೂನಿಟ್ಟಿಗೆ ದುಡ್ಡು ಕಟ್ಟುತ್ತಿದ್ದೆವು. ಅದು ನಿಂತಿತು. ತಿಂಗಳಿಗೆ ಸುಮಾರು 215 ರೂಪಾಯಿ, ವರ್ಷಕ್ಕೆ 860. ಹೆಚ್ಚು ಕೊಟ್ಟ 6000 ವಾಪಸ್ ಬರಲು ಏಳು ವರ್ಷ ಬೇಕು. ಅಷ್ಟರಲ್ಲಿ ವಾರಂಟಿ ಮುಗಿದಿರುತ್ತೆ. ಈ ಫ್ಯಾನಿನೊಳಗಿನ ಎಲೆಕ್ಟ್ರಾನಿಕ್ ಬೋರ್ಡ್ ಕೆಟ್ಟರೆ ಮಾಮೂಲಿ ಫ್ಯಾನಿನ ಹಾಗೆ ಕೆಪಾಸಿಟರ್ ಬದಲಾಯಿಸಿ ಕೈತೊಳೆದುಕೊಳ್ಳಲು ಆಗಲ್ಲ.

ಹಾಲ್‌ಗೆ ಒಂದನ್ನೇ ಹಾಕಿದ್ದರೆ? ಹೆಚ್ಚುವರಿ 1500, ಉಳಿತಾಯ ವರ್ಷಕ್ಕೆ 550ರ ಮೇಲೆ. ಮೂರು ವರ್ಷದೊಳಗೆ ಹುಟ್ಟುತ್ತಿತ್ತು.

ಹಾಗಾಗಿ 'ಈ ಫ್ಯಾನ್ ಎಷ್ಟು ವರ್ಷಕ್ಕೆ ಹುಟ್ಟುತ್ತೆ' ಅನ್ನೋ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಅದೇ ಫ್ಯಾನ್ ಪಕ್ಕದ ಮನೆಯಲ್ಲಿ ಒಂದೇ ವರ್ಷಕ್ಕೆ ಹುಟ್ಟಬಹುದು. ಗೃಹಜ್ಯೋತಿ ಇಲ್ಲದೆ ಪೂರಾ ಬಿಲ್ ಕಟ್ಟುವವರಿಗೆ ಆ 21 ಯೂನಿಟ್ ಅಂದರೆ ಪ್ರತಿ ತಿಂಗಳೂ 140 ರೂಪಾಯಿ. ಇನ್ನು ನಿಮ್ಮ ಉಚಿತ ಮಿತಿ 180 ಇದ್ದು, ಬೇಸಿಗೆಯಲ್ಲಿ 205ಕ್ಕೆ ಹೋಗುತ್ತೀರಿ ಅಂತಿಟ್ಟುಕೊಳ್ಳಿ. 200 ದಾಟಿದ ತಿಂಗಳು ರಿಯಾಯಿತಿ ಪೂರ್ತಿ ಹೋಗಿ ಎಲ್ಲಾ 205 ಯೂನಿಟ್ಟಿಗೂ ಕಟ್ಟಬೇಕು, 1300 ರೂಪಾಯಿಗೂ ಮೇಲೆ. ಹಾಲ್ ಫ್ಯಾನ್ ಒಂದು ಬದಲಾದರೆ ಬಳಕೆ 184ಕ್ಕೆ ಇಳಿದು, ಬರೀ ನಾಲ್ಕು ಯೂನಿಟ್ಟಿಗೆ ಕಟ್ಟುತ್ತೀರಿ. ಅಂಥ ಮನೆಯವರು ಯೋಚನೆ ಮಾಡದೆ ಇವತ್ತೇ ತರಲಿ.

ಹಳೇ ಫ್ಯಾನ್ ಎಷ್ಟು ಎಳೆಯುತ್ತೆ ಅಂತ ಮೀಟರಿನಲ್ಲೇ ನೋಡಬಹುದು. ಫ್ರಿಜ್ಜು, ರೂಟರ್ ಸಮೇತ ಎಲ್ಲ ಆರಿಸಿ ಫ್ಯಾನ್ ಒಂದನ್ನೇ ಹಾಕಿ. ಮೀಟರ್ ಮೇಲೆ 3200 imp/kWh ಅಂತ ಬರೆದಿದ್ದರೆ, 75 ವ್ಯಾಟಿನ ಫ್ಯಾನಿಗೆ ಕೆಂಪು ದೀಪ 15 ಸೆಕೆಂಡಿಗೊಮ್ಮೆ ಮಿಣುಕುತ್ತೆ, 30 ವ್ಯಾಟಿಗೆ ಸುಮಾರು 37 ಸೆಕೆಂಡಿಗೊಮ್ಮೆ. ನೀವು ದಿನಾ ಇಡುವ ಸ್ಪೀಡಿನಲ್ಲೇ ನೋಡಿ. ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಇದ್ದು ಮೂರರಲ್ಲೇ ಓಡಿಸುವವರಾದರೆ ಹಳೇ ಫ್ಯಾನೂ 75 ಎಳೆಯಲ್ಲ, ಉಳಿತಾಯವೂ ಆ 45ಕ್ಕಿಂತ ಕಡಿಮೆಯೇ.

ಇನ್ನೊಂದು. 1500ರ ಲೆಕ್ಕ ಹೇಗೂ ಹೊಸ ಫ್ಯಾನ್ ಕೊಳ್ಳಲೇಬೇಕು ಅನ್ನುವವರಿಗೆ ಮಾತ್ರ. ಚೆನ್ನಾಗಿ ಓಡುತ್ತಿರುವುದನ್ನು ಇಳಿಸಿ ಹಾಕಿಸುವುದಾದರೆ ಪೂರಾ 3000 ಹಿಡಿಯಿರಿ. ಆಗ ಹಾಲ್ ಫ್ಯಾನಿಗೂ ನಾನು ಹೇಳಿದ ವರ್ಷಗಳು ಎರಡರಷ್ಟಾಗುತ್ತವೆ.