ಕೋಣಗಳ ಲೆಕ್ಕ ಎಲ್ಲಿ?

“ಸರ್, ಇಂಡೋನೇಷ್ಯಾದ ಟೊರಾಜಾ ಜನ ಸತ್ತವರನ್ನು ತಿಂಗಳುಗಟ್ಟಲೆ ಮನೆಯಲ್ಲೇ ಇಟ್ಟುಕೊಂಡು ಊಟ ಬಡಿಸುತ್ತಾರೆ. ಅವರಿಗೆ ಸಾವೆಂದರೆ ದುಃಖವೇ ಇಲ್ಲ. ಇದನ್ನೇ ಲೇಖನ ಮಾಡಿದ್ದೇನೆ. ಪ್ರಕಟಿಸಬಹುದಾ? ನೇರವಾಗಿ ಹೇಳಿ.”

ಈಗಿರುವ ಹಾಗೆ ಪ್ರಕಟಿಸಲಾರೆ. ಹೆಣಕ್ಕೆ ಊಟ ಬಡಿಸುವುದನ್ನು ಎರಡು ಪುಟ ಬರೆದಿದ್ದೀರಿ, ಯಾಕೆ ಕಾಯುತ್ತಾರೆ ಎಂಬುದಕ್ಕೆ ಒಂದು ಸಾಲೂ ಇಲ್ಲ.

ಟೊರಾಜರಿರುವ ಸುಲಾವೇಸಿ ದ್ವೀಪದ ಗುಡ್ಡಗಾಡಿನಲ್ಲಿ ಉಸಿರು ನಿಂತವರನ್ನು ‘ಸತ್ತವರು’ ಅನ್ನುವುದಿಲ್ಲ, ‘ತೋ ಮಕುಲ’ ಅನ್ನುತ್ತಾರೆ. ಅಂದರೆ ಕಾಯಿಲೆಯವರು. ದೇಹ ಕೆಡದಿರಲು ಹಿಂದೆ ಗಿಡಮೂಲಿಕೆ ಬಳಸುತ್ತಿದ್ದರು, ಈಗ ಫಾರ್ಮಾಲಿನ್. ‘ರಂಬು ಸೋಲೊ’ ಎಂಬ ಅಂತ್ಯಕ್ರಿಯೆಯಲ್ಲಿ ಮೊದಲ ಕೋಣವನ್ನು ಬಲಿ ಕೊಟ್ಟ ಮೇಲಷ್ಟೇ ಆ ವ್ಯಕ್ತಿ ಸತ್ತಂತೆ. ನಮ್ಮಲ್ಲಿ ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದ ಸೂತಕ ಹಿಡಿಯುತ್ತದೆ. ಅಲ್ಲಿ ಸಾವಿನ ದಿನವನ್ನು ನೆಂಟರು ಕೂತು ಗೊತ್ತು ಮಾಡುತ್ತಾರೆ. ಸಾವು ಒಂದು ಗಳಿಗೆಯಲ್ಲ, ಸಮಾಜ ನಡೆಸಿಕೊಡುವ ದೀರ್ಘ ಪಯಣ ಎಂದು ಫ್ರೆಂಚ್ ಸಮಾಜಶಾಸ್ತ್ರಜ್ಞ ರಾಬರ್ಟ್ ಹರ್ಟ್ಸ್ 1907ರಲ್ಲೇ ಪಕ್ಕದ ಬೋರ್ನಿಯೊದ ದಯಾಕ್ ಬುಡಕಟ್ಟಿನವರ ಬಗ್ಗೆ ಬರೆದಿದ್ದ.

ಆ ದಿನ ಯಾಕೆ ಮುಂದಕ್ಕೆ ಹೋಗುತ್ತದೆ? ಕೋಣ ಕೂಡಿಸಬೇಕು. ಮೇಲ್ವರ್ಗದ ಮನೆಯಾದರೆ ಇಪ್ಪತ್ತನಾಲ್ಕೋ ಇನ್ನೂ ಹೆಚ್ಚೋ. ದೂರದೂರಿನಲ್ಲಿ ದುಡಿಯುವ ಮಕ್ಕಳು ಬರಬೇಕು, ಅವರ ದುಡ್ಡೂ ಬರಬೇಕು. ಇಲ್ಲಿ ನಿಮ್ಮ ಓದುಗರಿಗೆ ಕೈಗೆಟುಕುವ ಒಂದು ಪದವಿದೆ: ಮುಯ್ಯಿ. ನಮ್ಮ ಮದುವೆ ಚಪ್ಪರದಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ಕೂತು ಯಾರು ಎಷ್ಟು ಹಾಕಿದರು ಎಂದು ಬರೆದುಕೊಳ್ಳುವುದಿಲ್ಲವೇ? ಅಲ್ಲಿ ಅದೇ ಲೆಕ್ಕ ಸಾವಿನ ಅಂಗಳದಲ್ಲಿ ನಡೆಯುತ್ತದೆ. ಕೊಂಬು ಎಷ್ಟುದ್ದ ಎಂದು ಕೈಗೆ ಹಿಡಿದು ಅಳೆಯುತ್ತಾರೆ, ಬಿಳಿ ಮಚ್ಚೆಯ ಕೋಣಕ್ಕೆ ಬೆಲೆ ಬಹಳ. ಇವತ್ತು ನಿಮ್ಮ ಅಪ್ಪನಿಗೆ ನಾನು ತಂದ ಕೋಣಕ್ಕೆ ಸಮನಾದದ್ದನ್ನು ನಾಳೆ ನನ್ನ ಮನೆಯ ಸಾವಿಗೆ ನೀವು ತರಬೇಕು. ನೀವು ತೀರಿಸದಿದ್ದರೆ ಸಾಲ ನಿಮ್ಮ ಮಕ್ಕಳ ತಲೆಗೆ. ಹೀಗೆ ಒಬ್ಬನ ಸಾವು ಉಳಿದವರ ಬದುಕಿನ ಮುಂದಿನ ವರ್ಷಗಳನ್ನು ಕಟ್ಟಿಹಾಕುತ್ತದೆ.

ಇನ್ನು ‘ದುಃಖವೇ ಇಲ್ಲ’. ಆ ಸಾಲು ತಪ್ಪು, ತೆಗೆಯಿರಿ. ದೇಹದ ಹತ್ತಿರ ಕೂತು, ಸತ್ತವರನ್ನು ಮಾತಾಡಿಸುತ್ತಾ ದನಿ ತೆಗೆದು ಅಳುವುದು ಅವರಲ್ಲಿ ಸರಿಯಾದ ನಡತೆ. ಆ ಹೊತ್ತು ಮೀರಿ, ಬೇರೆಡೆಯೂ ಅಳುತ್ತಲೇ ಇದ್ದರೆ ಆರೋಗ್ಯ ಕೆಡುತ್ತದೆಂದು ಸುತ್ತಲಿನವರು ತಡೆಯುತ್ತಾರೆ. ಜೇನ್ ವೆಲೆನ್‌ಕ್ಯಾಂಪ್ ಎಂಬ ಮಾನವಶಾಸ್ತ್ರಜ್ಞೆ 1980ರ ದಶಕದಲ್ಲಿ ಇದನ್ನೇ ಬರೆದಿದ್ದಾರೆ. ಅಳುವಿಗೆ ಜಾಗ, ಹೊತ್ತು ಗೊತ್ತುಪಡಿಸಿದ್ದಾರೆ, ಅಷ್ಟೆ. ಯಾರೋ ಕ್ಯಾಮೆರಾ ಹಿಡಿದು ಹೋದ ಹೊತ್ತಿಗೆ ಯಾರೂ ಅಳುತ್ತಿರಲಿಲ್ಲ ಅಂದರೆ ದುಃಖವಿರಲಿಲ್ಲ ಎಂದಲ್ಲ.

‘ಸಾವಿರಾರು ವರ್ಷಗಳಿಂದ ಬದಲಾಗದ ಪದ್ಧತಿ’ ಎಂದೂ ಬರೆದಿದ್ದೀರಿ. ಟೊರಾಜರಲ್ಲಿ ಹೆಚ್ಚಿನವರು ಈಗ ಕ್ರೈಸ್ತರು; ಅದೇ ಅಂಗಳದಲ್ಲಿ ಪಾದ್ರಿಯ ಪ್ರಾರ್ಥನೆಯೂ ಆಗುತ್ತದೆ. ಹೊರಗೆ ದುಡಿದ ಹಣ ಬಂದ ಮೇಲೆ ಕ್ರಿಯೆಗಳು ಹಿಂದಿಗಿಂತ ದೊಡ್ಡದಾದವು.

ಮೊದಲ ಎರಡು ಪುಟ ಅರ್ಧಕ್ಕಿಳಿಸಿ. ಮುಯ್ಯಿಯಿಂದ ಶುರು ಮಾಡಿ ಮತ್ತೆ ಕಳಿಸಿ, ಓದುತ್ತೇನೆ.