ತುಂಗಭದ್ರೆಯ ಉದ್ದ: ಅಳತೆ ಎಲ್ಲಿಂದ ಎಲ್ಲಿಗೆ?

“ತುಂಗಭದ್ರಾ ನದಿಯ ಉದ್ದ ಒಂದು ಪುಸ್ತಕದಲ್ಲಿ 531 ಕಿ.ಮೀ. ಇದೆ, ಇನ್ನೊಂದರಲ್ಲಿ 700ರ ಹತ್ತಿರ ಇದೆ. ಯಾವುದು ಸರಿ?”

ಎರಡೂ ಸರಿಯೇ, ಅಳತೆ ಆರಂಭವಾದ ಜಾಗ ಬೇರೆ. 531 ಎಂಬುದು ತುಂಗಾ ಮತ್ತು ಭದ್ರಾ ಕೂಡುವ ಶಿವಮೊಗ್ಗ ಜಿಲ್ಲೆಯ ಕೂಡ್ಲಿಯಿಂದ, ಅಂದರೆ ‘ತುಂಗಭದ್ರಾ’ ಎಂಬ ಹೆಸರು ಹುಟ್ಟುವಲ್ಲಿಂದ, ಕೃಷ್ಣೆಯನ್ನು ಸೇರುವವರೆಗಿನ ದೂರ. ಆದರೆ ಹೆಸರು ಹುಟ್ಟುವುದಕ್ಕೂ ಮೊದಲೇ ನೀರು ಈ ಎರಡೂ ನದಿಗಳು ಹುಟ್ಟುವ ಗಂಗಾಮೂಲದಿಂದ ಹರಿದು ಬಂದಿರುತ್ತದೆ. ತುಂಗೆಯ ಸುಮಾರು 147 ಕಿ.ಮೀ. ಕೂಡಿಸಿದರೆ 678 ಆಗುತ್ತದೆ. ಭೂಗೋಳಜ್ಞರು ಸಾಮಾನ್ಯವಾಗಿ ಉದ್ದನೆಯ ಕವಲನ್ನೇ ಹಿಡಿಯುವುದರಿಂದ, 170 ಕಿ.ಮೀ. ದಾಟುವ ಭದ್ರೆಯನ್ನು ಕೂಡಿಸಿದರೆ ನಿಮ್ಮ 700 ಸಿಗುತ್ತದೆ.

ಕೊನೆಯ ತುದಿಯೂ ಅಷ್ಟು ಖಚಿತವಲ್ಲ. ಸಂಗಮದ ಬಳಿಯ ಸಂಗಮೇಶ್ವರ ದೇವಾಲಯವು ಶ್ರೀಶೈಲ ಜಲಾಶಯದ ಹಿನ್ನೀರಿನಲ್ಲಿ ಮುಳುಗಿ, ಬೇಸಿಗೆಯಲ್ಲಿ ನೀರಿಳಿದಾಗ ಮಾತ್ರ ಕಾಣಿಸಿಕೊಳ್ಳುವುದರಿಂದ, ನದಿ ಮುಗಿಯುವುದು ಹಳೆಯ ಪಾತ್ರದಲ್ಲೋ ಹಿನ್ನೀರಿನ ಅಂಚಿನಲ್ಲೋ ಎಂಬುದನ್ನು ಅಳೆಯುವವರೇ ತೀರ್ಮಾನಿಸಬೇಕು.

ಅಳೆಯುವುದು ಪಾತ್ರದ ನಡುಗೆರೆಯನ್ನು. ಬೆಂಗಳೂರಿನ ನನ್ನ ಮನೆಯಲ್ಲಿ 1:50,000 ನಕ್ಷೆಯ ಮೇಲೆ ದಾರವಿಟ್ಟು (ಒಂದು ಸೆಂ.ಮೀ. ಎಂದರೆ ಅರ್ಧ ಕಿ.ಮೀ.) ತಿರುವು ತಿರುವಾಗಿ ಅಳೆದಾಗ ಬಂದ ಉದ್ದ, ಅದೇ ಭಾಗವನ್ನು ಶಾಲೆಯ ಭೂಪಟದಲ್ಲಿ ಅಳೆದಾಗ ಕಡಿಮೆಯಾಯಿತು, ಚಿಕ್ಕ ಭೂಪಟದಲ್ಲಿ ಸಣ್ಣ ತಿರುವುಗಳು ನೇರ ಗೆರೆಯಾಗಿಬಿಡುತ್ತವೆ.